ಚೆಂಡೆಯ ಪೆಟ್ಟು ಹಿಂದೆ ಬಿದ್ದಾಗ

ಫರಂಗಿಪೇಟೆಯಲ್ಲೊಂದು ಯಕ್ಷಗಾನ. ಚಿತ್ರ ಕ್ಯಾಮೆರಾದಲ್ಲಿ, ಧ್ವನಿ ಮಾತ್ರ ಮೈಕ್‌ಸೆಟ್ಟಿನಿಂದ ಬೇರೊಂದು ರೆಕಾರ್ಡರಿಗೆ. ಮನೆಗೆ ಬಂದು ಎರಡನ್ನೂ ಜೋಡಿಸಿದರೆ ಆರಂಭದಲ್ಲಿ ಎಲ್ಲವೂ ಸರಿ. ಮೂರು ಗಂಟೆ ಕಳೆಯುವಾಗ ಮಾತ್ರ ಚೆಂಡೆಗೆ ಕೋಲು ಬಿದ್ದು ಅರ್ಧ ಸೆಕೆಂಡಾದ ಮೇಲೆ ಸದ್ದು ಕೇಳಿಸುತ್ತದೆ. ಏಕೆ ಹೀಗೆ?

ಎರಡೂ ಉಪಕರಣಗಳೊಳಗೆ ಪ್ರತ್ಯೇಕ ಸ್ಫಟಿಕ ಗಡಿಯಾರಗಳಿವೆ. ನಮ್ಮ ಮನೆಯ ಎರಡು ಗಡಿಯಾರಗಳಂತೆ ಇವೂ ಪೂರ್ತಿ ಹೊಂದುವುದಿಲ್ಲ. ರೆಕಾರ್ಡರು ಸೆಕೆಂಡಿಗೆ 48,000 ಬಾರಿ ಧ್ವನಿಯನ್ನು ಅಳೆದಿಡಬೇಕು. ಅದರ ಗಡಿಯಾರ ತುಸು ಮುಂದೆ ಓಡಿ, ಸೆಕೆಂಡಿಗೆ ಸರಾಸರಿ 2.4 ಅಳತೆ ಹೆಚ್ಚಾಯಿತೆನ್ನೋಣ. 10,800 ಸೆಕೆಂಡುಗಳಲ್ಲಿ 25,920 ಅಳತೆ ಹೆಚ್ಚು. ಅವನ್ನು ಕೇಳಿಸಲು ಬೇಕಾಗುವ ಹೆಚ್ಚುವರಿ ಕಾಲವೇ 0.54 ಸೆಕೆಂಡು!

ಧ್ವನಿಯನ್ನು ಇಡಿಯಾಗಿ ಹಿಂದಕ್ಕೆ ಎಳೆದರೆ ಕೊನೆ ಸರಿಯಾದೀತು, ಆರಂಭ ಕೆಡುತ್ತದೆ. ಹಾಗಾಗಿ ಮೊದಲು ಆರಂಭದ ಒಂದು ಚೆಂಡೆಪೆಟ್ಟನ್ನು ಚಿತ್ರಕ್ಕೆ ಸರಿಯಾಗಿ ಕೂಡಿಸಬೇಕು. ಬಳಿಕ ಕೊನೆಯ ಪೆಟ್ಟೊಂದನ್ನು ಹುಡುಕಿ, ಎರಡರ ನಡುವಿನ ಕಾಲವನ್ನು ಚಿತ್ರದಲ್ಲೂ ಧ್ವನಿಯಲ್ಲೂ ಅಳೆಯಬೇಕು. ಇಲ್ಲಿ 10,800.54ನ್ನು 10,800ರಿಂದ ಭಾಗಿಸಿದರೆ 1.00005. ಅಂದರೆ ಧ್ವನಿಯ ವೇಗ ಶೇಕಡಾ 100.005 ಆಗಬೇಕು. ಭಾಗವತರ ಶ್ರುತಿ ಇಷ್ಟರಿಂದ ಬದಲಾದದ್ದು ಯಾವ ಕಿವಿಗೂ ತಿಳಿಯದು. ಇಷ್ಟು ಸೂಕ್ಷ್ಮ ಅಂಕಿಯನ್ನು ಕೆಲವು ತಂತ್ರಾಂಶಗಳು ಒಪ್ಪುವುದಿಲ್ಲ. ಆಗ ಮೌನವಿರುವ ಕಡೆಗಳಲ್ಲಿ ಕತ್ತರಿಸಿ, ತುಂಡು ತುಂಡಾಗಿ ಕೂಡಿಸುವುದೇ ದಾರಿ.

ವೇಗ ಬದಲಿಸುವ ಮೊದಲು ನಡುವಿನ ಪೆಟ್ಟೊಂದನ್ನೂ ನೋಡಬೇಕು. ಒಂದೂವರೆ ಗಂಟೆಗೆ ಅಂತರ ಸುಮಾರು 0.27 ಸೆಕೆಂಡಿದ್ದರೆ ತಪ್ಪು ಗಡಿಯಾರದ್ದೇ. ಅಲ್ಲಿಯವರೆಗೆ ಸರಿಯಿದ್ದು ಆಮೇಲೆ ಒಮ್ಮೆಲೇ ಜಿಗಿದಿದ್ದರೆ ಧ್ವನಿಯೋ ಚಿತ್ರವೋ ನಡುವೆ ತುಂಡಾಗಿದೆ. ಆ ಜಾಗವನ್ನೇ ಹುಡುಕಿ ಸರಿಪಡಿಸಬೇಕು.