ಅರ್ಧ ಬೆಲೆಯ ಸೀಟಿನ ಲೆಕ್ಕ

ನಾಟಕದ ಟಿಕೆಟ್‌ಗೆ ರಿಯಾಯಿತಿ ಕೊಡುವ ಮಾತು ಬಂದಾಗ ತಂಡದವರ ಚರ್ಚೆ ಹೆಚ್ಚಾಗಿ ‘ಎಷ್ಟು ಬಿಡೋಣ’ ಎನ್ನುವಲ್ಲೇ ಮುಗಿದುಬಿಡುತ್ತದೆ. ಬಿಟ್ಟ ದುಡ್ಡು ಯಾರ ಜೇಬು ಸೇರಿತು ಎನ್ನುವುದನ್ನು ಮೊದಲು ನೋಡಬೇಕು.

300 ಸೀಟಿನ ರಂಗಮಂದಿರ, 200 ರೂಪಾಯಿ ಟಿಕೆಟ್ ಎಂದಿಟ್ಟುಕೊಳ್ಳಿ. ಬುಧವಾರದ ಪ್ರದರ್ಶನಕ್ಕೆ ವಿದ್ಯಾರ್ಥಿಗಳಿಗೆ 100 ರೂಪಾಯಿ ಎಂದು ಸಾರಿದ್ದಕ್ಕೆ 40 ಮಂದಿ ಬಂದರು. ಅವರಲ್ಲಿ 25 ಮಂದಿ ರಿಯಾಯಿತಿ ಇಲ್ಲದಿದ್ದರೆ ಬರುತ್ತಲೇ ಇರಲಿಲ್ಲ. ಅವರಿಂದ 2,500 ರೂಪಾಯಿ ಹೆಚ್ಚು ಬಂತು. ಉಳಿದ 15 ಮಂದಿ ಪೂರ್ತಿ ಬೆಲೆ ಕೊಟ್ಟಾದರೂ ಬರುವವರೇ. ಅವರಿಂದ ಬರಬೇಕಿದ್ದ 1,500 ರೂಪಾಯಿ ಹೋಯಿತು. ಮಿಕ್ಕಿದ್ದು 1,000 ರೂಪಾಯಿ ಲಾಭ. ಹೊಸಬರು 15, ಹಳಬರು 25 ಆಗಿದ್ದರೆ ಅಷ್ಟೇ ಮೊತ್ತ ನಷ್ಟವಾಗುತ್ತಿತ್ತು. ಗಲ್ಲಾದ ಮುಂದಿನ ಸಾಲು ಮಾತ್ರ ಎರಡೂ ಸಲ ಒಂದೇ ಥರ ಕಾಣುತ್ತದೆ.

ಇದರಿಂದ ಒಂದು ಸುಲಭ ಸೂತ್ರ ಸಿಗುತ್ತದೆ. ಬೆಲೆಯಲ್ಲಿ ಶೇಕಡಾ ಎಷ್ಟು ಬಿಟ್ಟಿರೋ, ರಿಯಾಯಿತಿ ಪಡೆದವರಲ್ಲಿ ಹೊಸಬರು ಶೇಕಡಾ ಅದಕ್ಕಿಂತ ಹೆಚ್ಚಿರಬೇಕು. ಅರ್ಧ ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಮಂದಿ ಹೊಸಬರಾಗಿರಬೇಕು. ಕಾಲು ಭಾಗ ಬಿಟ್ಟರೆ ಕಾಲು ಭಾಗ ಮೀರಿದರೆ ಸಾಕು. ಆದರೆ ಆ ಸೀಟು ಹೇಗೂ ಖಾಲಿ ಉಳಿಯುತ್ತಿದ್ದರೆ ಮಾತ್ರ ಈ ಲೆಕ್ಕ ಸರಿ. ಭಾನುವಾರ ಸಂಜೆ ಹೌಸ್‌ಫುಲ್ ಆಗುವ ನಾಟಕಕ್ಕೆ ರಿಯಾಯಿತಿ ಕೊಟ್ಟರೆ, ಪೂರ್ತಿ ಬೆಲೆಯ ಪ್ರೇಕ್ಷಕನನ್ನು ನಾವೇ ವಾಪಸ್ ಕಳಿಸಿದಂತೆ. ಅದಕ್ಕೇ ವಾರದ ನಡುವಿನ ದಿನ, ಹಿಂದಿನ ಸಾಲುಗಳು, ಇಂತಿಷ್ಟೇ ಸೀಟು ಎಂದು ಮೊದಲೇ ಗೆರೆ ಎಳೆಯಬೇಕು.

ಹಿರಿಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಎಷ್ಟೋ ತಂಡಗಳಿಗೆ ಖಾಯಂ ಪ್ರೇಕ್ಷಕರೇ ಅವರು. ಸಂಜೆಯ ಆಟಕ್ಕೆ ಬೆಲೆ ಇಳಿಸಿದರೆ ಬರುವವರೇ ಅಗ್ಗದಲ್ಲಿ ಬರುತ್ತಾರೆ. ಮಧ್ಯಾಹ್ನ ಮೂರೂವರೆಯ ಆಟಕ್ಕೆ ಇಳಿಸಿದರೆ, ರಾತ್ರಿ ಬಸ್ಸಿಗೆ ಹೆದರಿ ಮನೆಯಲ್ಲೇ ಉಳಿದವರು ಹೊರಡುತ್ತಾರೆ. ರೈಲ್ವೆ 2020ರ ಮಾರ್ಚ್‌ವರೆಗೆ ಹಿರಿಯರಿಗೆ ಕೊಡುತ್ತಿದ್ದ ರಿಯಾಯಿತಿಯನ್ನು ಇದರೊಂದಿಗೆ ಹೋಲಿಸಬಾರದು. ಅದು ಸಾಮಾಜಿಕ ನೆರವು, ಅದರ ನ್ಯಾಯವೇ ಬೇರೆ.

ಗುಂಪು ರಿಯಾಯಿತಿಯಲ್ಲಿ ತಪ್ಪಾಗುವುದು ಸಂಖ್ಯೆಯಲ್ಲಿ. ನಾಲ್ಕು ಮಂದಿಗೇ ಕೊಟ್ಟರೆ, ಹೇಗೂ ಬರುತ್ತಿದ್ದ ಕುಟುಂಬಕ್ಕೆ ಬಿಟ್ಟಂತಾಗುತ್ತದೆ. ಹತ್ತು ಟಿಕೆಟ್‌ಗೆ ಒಂದು ಉಚಿತ ಎಂದರೆ, ಕಾಲೇಜಿನ ಮೇಷ್ಟ್ರೋ ಮಹಿಳಾ ಮಂಡಳಿಯ ಕಾರ್ಯದರ್ಶಿಯೋ ಉಳಿದವರನ್ನು ಒಟ್ಟುಗೂಡಿಸುತ್ತಾರೆ. ತಂಡ ಬಿಡುವುದು ಬರೀ ಶೇಕಡಾ 9ರಷ್ಟು. ಹಣ ಮಾತ್ರ ಮುಂಗಡವಾಗಿಯೇ ಬರಬೇಕು, ಇಲ್ಲದಿದ್ದರೆ ಕೊನೆ ಗಳಿಗೆಯಲ್ಲಿ ಹನ್ನೊಂದು ಸೀಟು ಖಾಲಿ.

ಹೊಸಬರು ಯಾರೆಂದು ತಿಳಿಯಲು ರಿಯಾಯಿತಿ ಟಿಕೆಟ್ ಕೊಡುವಾಗ ‘ನಮ್ಮ ನಾಟಕ ಮೊದಲ ಸಲವೇ?’ ಎಂದು ಕೇಳಿ ಬರೆದುಕೊಂಡರೆ ಸಾಕು. ಜೊತೆಗೆ ಹಿಂದಿನ ನಾಟಕದ ಅದೇ ವಾರದ, ಅದೇ ಹೊತ್ತಿನ ಪೂರ್ತಿ ಬೆಲೆಯ ಮಾರಾಟ ನೋಡಿ. ರಿಯಾಯಿತಿ ಟಿಕೆಟ್ ಏರಿದಷ್ಟೇ ಅದು ಇಳಿದಿದ್ದರೆ ಹಳಬರೇ ಸಾಲು ಬದಲಿಸಿದ್ದಾರೆ. ಆಗ ರಿಯಾಯಿತಿಯನ್ನೇ ನಿಲ್ಲಿಸುವ ಬದಲು, ಬಾಗಿಲಲ್ಲಿ ಕಾಲೇಜಿನ ಗುರುತಿನ ಚೀಟಿ ನೋಡುವುದನ್ನು ಬಿಗಿ ಮಾಡಿ, ಖಾಲಿ ಉಳಿಯುವ ಮತ್ತೊಂದು ದಿನಕ್ಕೆ ಅದನ್ನು ಸರಿಸಿ ನೋಡಬೇಕು.