ಸೇಲಿಗೆ ಮುನ್ನಾದಿನದ ಮೆಸೇಜು

2014ರ ಅಕ್ಟೋಬರ್ 6ರಂದು ಬೆಂಗಳೂರಿನ ಫ್ಲಿಪ್‌ಕಾರ್ಟ್ ಮೊದಲ ಸಲ ‘ಬಿಗ್ ಬಿಲಿಯನ್ ಡೇ’ ನಡೆಸಿತು. ಜನ ಒಮ್ಮೆಗೇ ಮುಗಿಬಿದ್ದು ಸೈಟು ತತ್ತರಿಸಿತು, ಬೇಕಾದ ಸಾಮಾನು ನೋಡನೋಡುತ್ತಲೇ ಖಾಲಿಯಾಯಿತು. ಸ್ಥಾಪಕರಾದ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಗ್ರಾಹಕರ ಕ್ಷಮೆ ಕೇಳಬೇಕಾಯಿತು. 2018ರಲ್ಲಿ ಶುರುವಾದ ಫ್ಲಿಪ್‌ಕಾರ್ಟ್ ಪ್ಲಸ್‌ನ ಸದಸ್ಯರಿಗೆ ಸೇಲಿನ ಬಾಗಿಲು ಉಳಿದವರಿಗಿಂತ ಮೊದಲೇ ತೆರೆಯತೊಡಗಿತು. ಅಮೆಜಾನ್ ಪ್ರೈಮ್ ಸದಸ್ಯರಿಗೂ ಇದೇ ಸವಲತ್ತು.

ಇಲ್ಲಿ ಸಿಗುವುದು ಹೆಚ್ಚಿನ ರಿಯಾಯಿತಿಯಲ್ಲ, ಆರಿಸಿಕೊಳ್ಳುವ ಅವಕಾಶ.

ಊರಿನ ಸೀರೆ ಅಂಗಡಿಗೂ ಇದು ಸಾಧ್ಯ. ‘ಆತ್ಮೀಯ ಗ್ರಾಹಕರೇ, ದೀಪಾವಳಿ ಮೆಗಾ ಸೇಲ್, ತ್ವರೆ ಮಾಡಿ’ ಎಂದು ಎಲ್ಲರಿಗೂ ಕಳಿಸಿದರೆ ಓದುವ ಮೊದಲೇ ಅಳಿಸುತ್ತಾರೆ. ಅದರ ಬದಲು ಹೀಗೆ ಬರೆಯಬಹುದು: ‘ಸುಮಾ ಅವರೇ, ದೀಪಾವಳಿ ಸೇಲ್ ಶನಿವಾರದಿಂದ. ನಮ್ಮ ಕಾರ್ಡ್ ಇರುವ ನಿಮಗೆ ಶುಕ್ರವಾರ ಬೆಳಿಗ್ಗೆ 10ರಿಂದಲೇ ಅದೇ ದರ. ಹೋದ ಹಬ್ಬಕ್ಕೆ ನೀವು ಒಯ್ದ ಇಳಕಲ್ ಸೀರೆಯಲ್ಲಿ ಹೊಸ ಬಣ್ಣ ಬಂದಿವೆ.’ ತನಗೇ ಯಾಕೆ, ಯಾವಾಗ, ಏನು ಎಂಬುದು ಸುಮಾ ಅವರಿಗೆ ಒಂದೇ ಓದಿಗೆ ತಿಳಿಯುತ್ತದೆ. ಇಳಕಲ್ ಹೆಸರು ಬಿಲ್ಲಿನ ದಾಖಲೆಯಿಂದ ಬಂದದ್ದು; ಅಂಗಡಿಗೆ ತನ್ನ ನೆನಪಿದೆ ಎನಿಸುವುದು ಅಲ್ಲಿಯೇ.

ಕನ್ನಡದ ಎಸ್ಸೆಮ್ಮೆಸ್ಸಿಗೆ ಖರ್ಚಿನ ಲೆಕ್ಕವೂ ಇದೆ. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ 70 ಮಾತ್ರ. ಗುಣಿತ, ಒತ್ತುಗಳೂ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ: ‘ದೀಪಾವಳಿ’ ಕಣ್ಣಿಗೆ 4 ಅಕ್ಷರ, ಲೆಕ್ಕಕ್ಕೆ 7. ಮೇಲಿನ ಮೆಸೇಜಿಗೆ ಮೂರು ಎಸ್ಸೆಮ್ಮೆಸ್ಸಿನ ದುಡ್ಡು ಬೀಳುತ್ತದೆ. ಟ್ರಾಯ್ ನಿಯಮದ ಪ್ರಕಾರ ಒಕ್ಕಣೆಯನ್ನು ಮೊದಲೇ ನೋಂದಾಯಿಸಿ ಒಪ್ಪಿಗೆ ಪಡೆಯಬೇಕು. ಹೆಸರು, ಸೀರೆಯಂಥ ಬದಲಾಗುವ ಮಾತಿಗೆ ಮಾತ್ರ ಖಾಲಿ ಜಾಗ ಬಿಡಬಹುದು. ಹಾಗಾಗಿ ಹಬ್ಬದ ಹಿಂದಿನ ಸಂಜೆ ಕೂತು ಬರೆಯುತ್ತೇನೆಂದರೆ ಆಗದು.

ಎಡವಟ್ಟಾಗುವುದು ಹೆಚ್ಚಾಗಿ ಕೌಂಟರಿನಲ್ಲಿ. ಸುಮಾ ಶುಕ್ರವಾರ ಬಂದಾಗ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಹಳೆಯ ದರವೇ ಇದ್ದರೆ, ‘ಸೇಲ್ ನಾಳೆಯಿಂದ ಮೇಡಂ’ ಎಂದು ಹುಡುಗ ಹೇಳಿದರೆ, ಮೆಸೇಜು ಕಳಿಸದಿದ್ದರೇ ಚೆನ್ನಾಗಿತ್ತು. ಇಳಕಲ್ ಗಂಟು ಶನಿವಾರವೇ ಬಿಚ್ಚುವುದು ಎಂದಾದರೂ ಅಷ್ಟೇ.

ಶುಕ್ರವಾರ ಅಂಗಡಿ ತುಂಬಿದ ಮಾತ್ರಕ್ಕೆ ಲಾಭವಾಯಿತು ಎನ್ನುವಂತಿಲ್ಲ. ಶನಿವಾರ ಹೇಗೂ ಬರುವವರೇ ಒಂದು ದಿನ ಮೊದಲು ಬಂದಿರಬಹುದು. ಅದನ್ನು ತಿಳಿಯಲು ಸದಸ್ಯರಲ್ಲಿ ಹತ್ತಕ್ಕೊಬ್ಬರಂತೆ ಲಾಟರಿ ಎತ್ತಿ ಅವರಿಗೆ ಮೆಸೇಜು ಕಳಿಸದೆ ಬಿಡುತ್ತಾರೆ. ಹಬ್ಬ ಮುಗಿದ ಮೇಲೆ ಎರಡೂ ಗುಂಪಿನ ತಲಾ ಖರೀದಿಯನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಎರಡೂ ಸಮನಾಗಿದ್ದರೆ ಮಾರಾಟ ಹೆಚ್ಚಿಲ್ಲ, ಶನಿವಾರದ ನೂಕುನುಗ್ಗಲು ಒಂದಿಷ್ಟು ಕಡಿಮೆಯಾಗಿದೆ ಎಂದರ್ಥ.