‘ಈ ವಾರ ಆಗಲ್ಲ’ ಅಂದಾಗ

ಮುಂಬಯಿಯಲ್ಲಿ ‘ಟೈಮ್ ಇಲ್ಲ’ ಎನ್ನುವುದು ಹಲವು ಸಲ ನೆಪವಲ್ಲ, ನಿಜ. ಹಾಗಾಗಿ ಇಷ್ಟಪಟ್ಟವರನ್ನು ಎಲ್ಲಿಗೋ ಕರೆದು, ಅವರು ಕೆಲಸವಿದೆ ಎಂದರೆ, ಎರಡನೆಯ ಸಲ ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ತಾರೀಕು ಮಾತ್ರ ಬದಲಾಯಿಸಿ ಅದನ್ನೇ ಕೇಳಿದರೆ ಸಾಲದು. ಅವರಿಗಾಗುವ ತ್ರಾಸವೂ ಕಡಿಮೆಯಾಗಬೇಕು.

ಒಂದು ಉದಾಹರಣೆ ನೋಡೋಣ. ಹುಡುಗ ಠಾಣೆಯವನು. ಹುಡುಗಿಯ ಮನೆ ಬೋರಿವಲಿ, ಆಫೀಸು ಲೋವರ್ ಪರೇಲ್, ಕೆಲಸ ಅಕೌಂಟ್ಸ್‌ನಲ್ಲಿ. ಮಾರ್ಚ್ ಕೊನೆಯ ಭಾನುವಾರ ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕವಿದೆ, ಬರುತ್ತೀರಾ ಎಂದು ಅವನು ಕೇಳಿದ. “ಕ್ಲೋಸಿಂಗ್ ನಡೀತಿದೆ, ಈ ವಾರ ಆಗಲ್ಲ” ಎಂದಳು.

ತಕ್ಷಣ “ಹಾಗಾದ್ರೆ ಸೋಮವಾರ? ಬುಧವಾರ?” ಎಂದರೆ ಅವಳು ಪ್ರತಿ ದಿನಕ್ಕೂ ಒಂದೊಂದು ಕಾರಣ ಹುಡುಕಬೇಕಾಗುತ್ತದೆ. ಅವತ್ತಿಗೆ “ಪರವಾಗಿಲ್ಲ, ಕ್ಲೋಸಿಂಗ್ ಮುಗಿಸಿಕೊಳ್ಳಿ” ಎಂದರೆ ಸಾಕು. ಏಪ್ರಿಲ್ ಒಂದಕ್ಕೇ ಮತ್ತೆ ಕೇಳುವುದೂ ಅವಸರವೇ. ಲೆಕ್ಕದವರ ಕೆಲಸ ಮಾರ್ಚ್ 31ಕ್ಕೆ ಮುಗಿಯುವುದಿಲ್ಲ, ಹಿಂದೆಯೇ ಆಡಿಟ್ ಇರುತ್ತದೆ. ಎರಡು ಮೂರು ವಾರ ಬಿಡುವುದು ಒಳ್ಳೆಯದು.

ಇನ್ನು ಜಾಗ. ನಾಟಕವೆಂದರೆ ಇಡೀ ಸಂಜೆ ಹೋಗುತ್ತದೆ, ರಜೆಯ ದಿನ ಮತ್ತೆ ಲೋಕಲ್ ಹತ್ತಬೇಕು. ಎರಡನೆಯ ಸಲ ಮುಕ್ಕಾಲು ಗಂಟೆಯ ಕಾಫಿ ಸಾಕು. ದಾದರ್ ಇಬ್ಬರಿಗೂ ನಡುವೆ ಎನಿಸಬಹುದು. ಆದರೆ ಸಂಜೆಯ ಗರ್ದಿಯಲ್ಲಿ ಅಲ್ಲಿಳಿದು ಮತ್ತೆ ಬೋರಿವಲಿ ಗಾಡಿ ಹತ್ತುವ ಕಷ್ಟ ಅವಳ ಪಾಲಿಗೇ. ಬೋರಿವಲಿಯಲ್ಲೇ ಭೇಟಿಯಾದರೆ ಸೊಸೈಟಿಯವರ ಕಣ್ಣಿಗೆ ಬೀಳುವ ಮುಜುಗರ. ಅವಳ ಆಫೀಸಿನ ಹತ್ತಿರವೇ ವಾಸಿ: ಓಡಾಟ ಅವನದು, ಅವಳು ಹೊರಡುವ ಹೊತ್ತಿಗೆ ಗರ್ದಿಯೂ ತುಸು ಇಳಿದಿರುತ್ತದೆ.

ಆಗ ಮೆಸೇಜ್ ಹೀಗಿರಬಹುದು: “ಕ್ಲೋಸಿಂಗ್ ಮುಗೀತಾ? ಮುಂದಿನ ವಾರ ಒಂದಿನ ಆಫೀಸ್ ಬಿಟ್ಟ ಮೇಲೆ ಲೋವರ್ ಪರೇಲ್‌ನಲ್ಲೇ ಕಾಫಿ ಕುಡಿಯೋಣ್ವಾ? ನಿಮಗೆ ಅನುಕೂಲವಾದ ದಿನ ಹೇಳಿ. ಆಗದಿದ್ರೂ ಏನೂ ಬೇಜಾರಿಲ್ಲ.” ‘ನಾವಿಬ್ಬರೇ’ ಎಂಬುದು ಇದರಲ್ಲೇ ತಿಳಿಯುತ್ತದೆ. ಸಂಘದ ಕೆಲಸದ ನೆಪ ಹೇಳಿ ಕರೆಯುವುದು ಬೇಡ. ಯಾವುದಕ್ಕೆ ಒಪ್ಪುತ್ತಿದ್ದೇನೆಂದು ಅವಳಿಗೆ ಗೊತ್ತಿರಬೇಕು.

ಉತ್ತರದಲ್ಲಿ ಗಮನಿಸಬೇಕಾದದ್ದು ಒಂದೇ. “ಗುರುವಾರ ಆಗಲ್ಲ, ಶುಕ್ರವಾರ ಆಗ್ಬಹುದು” ಎಂದು ಅವಳೇ ದಿನ ಸೂಚಿಸಿದರೆ ಮನಸ್ಸಿದೆ, ಸಮಯವಷ್ಟೇ ಕಡಿಮೆ. “ಸದ್ಯಕ್ಕೆ ತುಂಬಾ ಬಿಜಿ, ನೋಡೋಣ” ಎಂದಷ್ಟೇ ಬಂದರೆ, ಅಥವಾ ಉತ್ತರವೇ ಬರದಿದ್ದರೆ, ಅದನ್ನು ಬೇಡವೆಂದೇ ತಿಳಿಯಬೇಕು. “ಸರಿ, ಯಾವಾಗಲಾದ್ರೂ ನಿಮಗೆ ಅನಿಸಿದ್ರೆ ಹೇಳಿ” ಎಂದು ಅಲ್ಲಿಗೇ ಬಿಡಬೇಕು. ಕಾರಣ ಕೇಳುವುದಾಗಲಿ, ಗೆಳತಿಯರಿಂದ ಹೇಳಿಸುವುದಾಗಲಿ ಸಲ್ಲದು. ಮೂರನೆಯ ಸಲ ಕರೆಯುವ ಸರದಿ ಅವಳದು.

ಮುಂದಿನ ಯುಗಾದಿಗೋ ರಾಜ್ಯೋತ್ಸವಕ್ಕೋ ಅದೇ ಸಭಾಂಗಣದಲ್ಲಿ ಇಬ್ಬರೂ ಎದುರಾಗುತ್ತಾರೆ. ಅವಳು ತಲೆತಪ್ಪಿಸಿಕೊಳ್ಳದೆ ನಕ್ಕು ಮಾತಾಡಿಸುವಂತಿದ್ದರೆ, ಅವನು ಸರಿಯಾಗಿಯೇ ಕೇಳಿದ್ದ ಎಂದರ್ಥ.